ಭಾವನ ಹೋಮ್‌ಸ್ಟೇ ವೆಬ್‌ಸೈಟ್: ಉಚಿತ ಪ್ಲ್ಯಾನ್ ಸಾಕಾ ಅಂತ ನೋಡಿದ್ದು ಹೀಗೆ

ನಮ್ಮ ಭಾವ ಶಿರಸಿ ಹತ್ತಿರ ಹೋಮ್‌ಸ್ಟೇ ನಡೆಸುತ್ತಾರೆ. ರೂಮು, ಊಟ, ದಾರಿ, ಫೋನ್ ನಂಬರ್ ಇರುವ ಪುಟ್ಟ ವೆಬ್‌ಸೈಟ್ ಬೇಕಿತ್ತು. "ಇಷ್ಟಕ್ಕೂ ದುಡ್ಡು ಕೊಡಬೇಕಾ?" ಅಂತ ಕೇಳಿದರು.

ವೆಬ್‌ಸೈಟ್ ಮಾಡಿಕೊಡುವ ಬಿಲ್ಡರ್ ಯಾವುದಾದರೂ ನಾನು ಮೊದಲು ಸುಮ್ನೆ ಒಂದು ಪುಟ ಮಾಡಿ ಪಬ್ಲಿಷ್ ಕೊಡುತ್ತೇನೆ. ಆಮೇಲೆ ಅದನ್ನು ಫೋನಿನಲ್ಲಿ, ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆಯುತ್ತೇನೆ. ಎಡಿಟರ್ ಒಳಗೆ ಕಾಣದ ಜಾಹೀರಾತು ಅಲ್ಲಿ ಕಾಣುತ್ತದೆ. ಈ ಸಲವೂ ಅಷ್ಟೇ. ಹೋಮ್‌ಸ್ಟೇ ಹೆಸರಿಗಿಂತ ಮೇಲೆ ಬಿಲ್ಡರ್ ಕಂಪನಿಯ ಜಾಹೀರಾತು ಪಟ್ಟಿ ಕೂತಿತ್ತು, ಎಷ್ಟು ಸ್ಕ್ರೋಲ್ ಮಾಡಿದರೂ ಹೋಗಲಿಲ್ಲ.

ಆದರೆ ನನ್ನ ಲೆಕ್ಕದಲ್ಲಿ ಜಾಹೀರಾತಿಗಿಂತ ದೊಡ್ಡ ಮಿತಿ ವಿಳಾಸ. ವಿಕ್ಸ್‌ನ ಉಚಿತ ಪ್ಲ್ಯಾನ್‌ನಲ್ಲಿ ವಿಳಾಸ `username.wixsite.com/sitename` ಅಂತ ಬರುತ್ತದೆ. ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲಿ ಕೊನೆಗೆ `wordpress.com` ಇರುತ್ತದೆ. ಅದನ್ನೇ ಬೋರ್ಡಿಗೂ ಗೂಗಲ್ ಮ್ಯಾಪ್ಸ್‌ಗೂ ಹಾಕಿಸಿದಿರಿ ಅಂದುಕೊಳ್ಳಿ. ಮುಂದೆ ಬೇರೆ ಬಿಲ್ಡರ್‌ಗೆ ಹೋದರೆ ಆ ವಿಳಾಸ ನಿಮ್ಮ ಜೊತೆ ಬರುವುದಿಲ್ಲ. ಅದು ಕಂಪನಿಯದು, ಅಲ್ವಾ?

ಹಾಗಂತ ದುಡ್ಡಿನ ಪ್ಲ್ಯಾನ್‌ಗೆ ಹೋಗುವಾಗಲೂ ದರದ ಪುಟವನ್ನು ಕೆಳಗಿನ ಸಣ್ಣ ಅಕ್ಷರದವರೆಗೆ ಓದಬೇಕು. "ತಿಂಗಳಿಗೆ 200 ರೂಪಾಯಿ" ಅಂತ ಇದ್ದರೆ ಅದು ಸಾಮಾನ್ಯವಾಗಿ ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಸಿಗುವ ದರ. ಅಂದರೆ 2,400. ಅದರ ಮೇಲೆ 18% ಜಿಎಸ್‌ಟಿ ಸೇರಿದರೆ 2,832. "ಡೊಮೇನ್ ಉಚಿತ" ಅಂದರೆ ಸ್ವಂತ ವೆಬ್ ವಿಳಾಸ ಉಚಿತ ಅನ್ನುವುದು ಹೆಚ್ಚಿನ ಕಡೆ ಮೊದಲ ವರ್ಷಕ್ಕೆ ಮಾತ್ರ, ಎರಡನೇ ವರ್ಷದಿಂದ ಅದರ ರಿನ್ಯೂವಲ್ ಬೇರೆ.

ಭಾವನಿಗೆ ನಾನು ಗೂಗಲ್ ಸೈಟ್ಸ್ ಆರಿಸಿದೆ. ಉಚಿತ, ಜಾಹೀರಾತಿಲ್ಲ, ಸ್ವಂತ ಡೊಮೇನ್ ಜೋಡಿಸಲೂ ದುಡ್ಡು ಕೇಳುವುದಿಲ್ಲ. ಡೊಮೇನ್ ಮಾತ್ರ ಬೇರೆ ಕಡೆ ಭಾವನದೇ ಹೆಸರು, ಇಮೇಲ್ ಕೊಟ್ಟು ಕೊಂಡೆವು. ಅದು ನಮ್ಮದೇ ಅಂತ ಗೂಗಲ್‌ಗೆ ತೋರಿಸಲು ಡಿಎನ್‌ಎಸ್‌ನಲ್ಲಿ, ಅಂದರೆ ವಿಳಾಸ ಎಲ್ಲಿಗೆ ಹೋಗಬೇಕು ಅಂತ ಹೇಳುವ ಸೆಟ್ಟಿಂಗ್‌ನಲ್ಲಿ, ಒಂದು ಟಿಎಕ್ಸ್‌ಟಿ ರೆಕಾರ್ಡ್ ಹಾಕಿದೆ. ಆಮೇಲೆ ಗೂಗಲ್ ಸೈಟ್ಸ್‌ನ ಸೆಟ್ಟಿಂಗ್‌ನಲ್ಲಿ `www` ಇರುವ ವಿಳಾಸ ಕೊಟ್ಟು, ಡಿಎನ್‌ಎಸ್‌ನಲ್ಲಿ ಇದನ್ನು ಸೇರಿಸಿದೆ:

```
www  CNAME  ghs.googlehosted.com
```

ಇದು `www` ಇರುವ ವಿಳಾಸಕ್ಕೆ ಮಾತ್ರ. `www` ಹಾಕದೆ ಟೈಪ್ ಮಾಡುವವರೇ ಜಾಸ್ತಿ, ಹಾಗಾಗಿ ಅವರನ್ನು `www` ವಿಳಾಸಕ್ಕೇ ಕಳಿಸುವ ಹಾಗೆ ಡೊಮೇನ್ ಕೊಂಡ ಕಡೆ ಫಾರ್ವರ್ಡಿಂಗ್ ಹಾಕಿದೆ. ಎರಡನ್ನೂ ಫೋನಿನಲ್ಲಿ ತೆರೆದು ನೋಡಿದ ಮೇಲೆಯೇ ಬೋರ್ಡಿಗೆ ವಿಳಾಸ ಕೊಟ್ಟಿದ್ದು.

ಇಲ್ಲೂ ಮಿತಿ ಇದೆ. ಡಿಸೈನ್‌ನಲ್ಲಿ ಹೆಚ್ಚು ಆಟ ಆಡಲು ಆಗುವುದಿಲ್ಲ, ಅಂಗಡಿ ಥರ ಕಾರ್ಟ್ ಇಲ್ಲ. ಭಾವನಿಗೆ ಬುಕಿಂಗ್ ಬರುವುದು ಫೋನು, ವಾಟ್ಸಾಪ್‌ನಲ್ಲೇ, ಅದಕ್ಕೊಂದು ಬಟನ್ ಸಾಕಾಯಿತು. ಮುಂದೆ ಆನ್‌ಲೈನ್ ಬುಕಿಂಗ್ ಬೇಕು ಅಂದರೆ ದುಡ್ಡಿನ ಪ್ಲ್ಯಾನ್ ತೆಗೆದುಕೊಂಡು, ಇದೇ ಡೊಮೇನ್ ಅನ್ನು ಅಲ್ಲಿಗೆ ತಿರುಗಿಸುತ್ತೇನೆ.