ಮಣಿಕಟ್ಟೋ, ಕುತ್ತಿಗೆಯೋ: ರಾತ್ರಿ ಜೋಮು ಹಿಡಿಯುವ ಬೆರಳುಗಳು

ದಾವಣಗೆರೆಯ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬೆರಳು ಜೋಮು ಹಿಡಿಯುತ್ತದೆ ಎಂದು ಬರುವ ಅನೇಕರು ಕುತ್ತಿಗೆಯ ಎಕ್ಸ್-ರೇಯನ್ನು ಜೊತೆಗೇ ತಂದಿರುತ್ತಾರೆ. ನಡುವಯಸ್ಸು ದಾಟಿದವರ ಕುತ್ತಿಗೆಯಲ್ಲಿ ಮೂಳೆಯ ಸವೆತ ಕಾಣುವುದು ಸಾಮಾನ್ಯ. ಯಾವ ತೊಂದರೆಯೂ ಇಲ್ಲದವರಲ್ಲಿಯೂ ಅದು ಕಾಣುತ್ತದೆ. ಹಾಗಾಗಿ ನಾನು ಮೊದಲು ಬೆರಳುಗಳನ್ನು ನೋಡಿ, ಎಕ್ಸ್-ರೇಯನ್ನು ಆಮೇಲೆ ನೋಡುತ್ತೇನೆ.

ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ, ಐವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಕುತ್ತಿಗೆಗೆ ಕಾಲರ್ ಹಾಕಿಕೊಂಡೇ ಬಂದಿದ್ದರು. ತಿಂಗಳುಗಟ್ಟಲೆ ಹಾಕಿದರೂ ಗುಣ ಕಂಡಿರಲಿಲ್ಲ. "ನಡುರಾತ್ರಿ ಎಚ್ಚರ ಆಗ್ತತಿ ಸರ್, ಕೈ ಝಾಡಿಸಿದ್ರೆ ಸರಿ ಹೋಗ್ತತಿ" ಎಂದರು. ಕೈ ಝಾಡಿಸಿದರೆ ಹಗುರಾಗುತ್ತದೆ ಎನ್ನುವ ಮಾತು ಮಣಿಕಟ್ಟಿನ ಕಡೆಗೆ ಬೆರಳು ತೋರಿಸುತ್ತದೆ. ನಿದ್ರೆಯಲ್ಲಿ ಮಣಿಕಟ್ಟು ಒಳಕ್ಕೆ ಮಡಚಿಕೊಂಡಾಗ, ಮೂಳೆಗಳು ಮತ್ತು ಗಟ್ಟಿ ಪಟ್ಟಿಯ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಒತ್ತಡ ಏರಿ ಅಲ್ಲಿ ಹಾದುಹೋಗುವ ಮೀಡಿಯನ್ ನರಕ್ಕೆ ರಕ್ತ ಸರಿಯಾಗಿ ಸಾಗುವುದಿಲ್ಲ. ಕುತ್ತಿಗೆಯಲ್ಲಿ ನರದ ಬೇರು ಒತ್ತಿದವರು ಹೆಚ್ಚಾಗಿ ಕೈ ಝಾಡಿಸುವುದಿಲ್ಲ. ಕೈಯನ್ನು ತಲೆಯ ಮೇಲಿಟ್ಟುಕೊಂಡರೆ ಆರಾಮ ಎನ್ನುತ್ತಾರೆ, ಹೆಗಲ ಹಲಗೆಯಿಂದ ತೋಳಿಗೆ ಇಳಿಯುವ ನೋವನ್ನೂ ಹೇಳುತ್ತಾರೆ.

ಆದರೆ ಮಾತಿಗಿಂತ ನನಗೆ ಹೆಚ್ಚು ನಂಬಿಕೆ ಉಂಗುರದ ಬೆರಳಿನ ಮೇಲೆ. ಮೀಡಿಯನ್ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು ಹಾಗೂ ಉಂಗುರದ ಬೆರಳಿನ ಅರ್ಧ ಭಾಗಕ್ಕೆ ಸ್ಪರ್ಶಜ್ಞಾನ ಕೊಡುತ್ತದೆ. ಉಳಿದರ್ಧವೂ ಕಿರುಬೆರಳೂ ಅಲ್ನಾರ್ ನರದ ಪಾಲು. ಆಕೆಗೆ ಕಣ್ಣು ಮುಚ್ಚಲು ಹೇಳಿ, ಅಂಗೈ ಮೇಲ್ಮುಖವಾಗಿರಿಸಿ, ಉಂಗುರದ ಬೆರಳಿನ ಎರಡೂ ಬದಿಗೆ ಹತ್ತಿಯ ಎಳೆಯನ್ನು ಮೆಲ್ಲಗೆ ಸವರಿದೆ. ನಡುಬೆರಳಿನ ಕಡೆ "ಬಟ್ಟೆ ಸುತ್ತಿದಂಗೆ" ಮಂದವಾಗಿತ್ತು. ಕಿರುಬೆರಳಿನ ಕಡೆ ಸ್ಪಷ್ಟವಾಗಿತ್ತು. ಒಂದೇ ಬೆರಳು ಹೀಗೆ ಇಬ್ಭಾಗವಾಗುವುದು ಕುತ್ತಿಗೆಯ ತೊಂದರೆಯಲ್ಲಿ ಅಪರೂಪ. ಹೆಬ್ಬೆರಳ ಬುಡದ ದಿಂಡಿನ ಮೇಲಿನ ಚರ್ಮದಲ್ಲಿಯೂ ಸ್ಪರ್ಶ ಚೆನ್ನಾಗಿಯೇ ಇತ್ತು, ಏಕೆಂದರೆ ಅಲ್ಲಿಗೆ ಹೋಗುವ ಕವಲು ಇಕ್ಕಟ್ಟಿನ ದಾರಿಗೆ ಬರುವ ಮೊದಲೇ ಒಡೆದು ಅದರ ಮೇಲಿನಿಂದ ಸಾಗುತ್ತದೆ.

ಎರಡೂ ಮಣಿಕಟ್ಟುಗಳನ್ನು ಒಂದು ನಿಮಿಷ ಒಳಕ್ಕೆ ಬಗ್ಗಿಸಿ ಹಿಡಿದಾಗ ಅದೇ ಜುಮುಜುಮು ಅದೇ ಬೆರಳುಗಳಲ್ಲಿ ಮರಳಿತು. ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿ, ನೋವಿನ ಬದಿಗೆ ಓರೆ ಮಾಡಿ, ತಲೆಯ ಮೇಲೆ ಹಗುರವಾಗಿ ಒತ್ತಿದಾಗ ತೋಳಿಗೆ ಏನೂ ಇಳಿಯಲಿಲ್ಲ. ಈ ಎರಡನೆಯ ಪರೀಕ್ಷೆಯನ್ನು ಮನೆಯಲ್ಲಿ ಯಾರೂ ಮಾಡಿಕೊಳ್ಳಬಾರದು. ಮೊಣಕೈಯನ್ನು ನೀಟುವ ಬಲ ಪೂರ್ತಿಯಿತ್ತು. ಅದು ಕುಗ್ಗಿದ್ದರೆ ಕುತ್ತಿಗೆಯ ಏಳನೆಯ ನರದ ಬೇರನ್ನು ಅನುಮಾನಿಸುತ್ತಿದ್ದೆ, ಏಕೆಂದರೆ ಆ ಸ್ನಾಯುವಿಗೆ ಮಣಿಕಟ್ಟಿನ ನರದ ಸಂಬಂಧವೇ ಇಲ್ಲ.

ಕಾಲರ್ ತೆಗೆಸಿ, ರಾತ್ರಿ ಮಾತ್ರ ಕಟ್ಟಿಕೊಳ್ಳುವ ಮಣಿಕಟ್ಟಿನ ಸ್ಪ್ಲಿಂಟ್ ಕೊಟ್ಟೆ. ಅಂಗಡಿಯಲ್ಲಿ ಸಿಗುವ ಅನೇಕ ಸ್ಪ್ಲಿಂಟ್‌ಗಳ ಒಳಗಿನ ಲೋಹದ ಪಟ್ಟಿ ಮಣಿಕಟ್ಟನ್ನು ಹಿಂದಕ್ಕೆ ಎತ್ತುವಂತೆ ಬಾಗಿರುತ್ತದೆ. ಹಾಗೆಯೇ ಕಟ್ಟಿಕೊಂಡರೆ ಒತ್ತಡ ಇಳಿಯಬೇಕಾದಷ್ಟು ಇಳಿಯುವುದಿಲ್ಲ, ಕಟ್ಟಿಕೊಂಡವರು ಸ್ಪ್ಲಿಂಟನ್ನೇ ಬೈಯುತ್ತಾರೆ. ಪಟ್ಟಿಯನ್ನು ಹೊರಗೆಳೆದು ಕೈಯಿಂದಲೇ ನೇರ ಮಾಡಿ ಮತ್ತೆ ತೂರಿಸಿದೆ. ಬೆರಳುಗಳು ಮುಷ್ಟಿ ಕಟ್ಟುವಷ್ಟು ಬಿಡುವಾಗಿರಬೇಕು, ಪಟ್ಟಿ ಬಿಗಿಯಾಗಿ ಕೈ ಊದಬಾರದು, ಆರು ವಾರ ಒಂದು ರಾತ್ರಿಯೂ ತಪ್ಪಿಸಬಾರದು ಎಂದು ಹೇಳಿದೆ. ಥೈರಾಯ್ಡ್ ಮತ್ತು ಸಕ್ಕರೆಯ ರಕ್ತಪರೀಕ್ಷೆಗಾಗಿ ಅವರ ವೈದ್ಯರಿಗೆ ಚೀಟಿಯನ್ನೂ ಬರೆದುಕೊಟ್ಟೆ, ಏಕೆಂದರೆ ಇವೆರಡೂ ಈ ನರವನ್ನು ಸುಲಭವಾಗಿ ಒತ್ತಡಕ್ಕೆ ಸಿಲುಕಿಸುತ್ತವೆ.

ಆರು ವಾರಗಳ ಕೊನೆಗೆ ರಾತ್ರಿಯ ನಿದ್ರೆ ಮರಳಿತ್ತು, ಆದರೆ ಮೊರ ಹಿಡಿದು ಕೇರುವಾಗ ಹಗಲಿನ ಜೋಮು ಅಷ್ಟಿಷ್ಟು ಉಳಿದಿತ್ತು. ಅಂಗೈಯಿಂದ ಹೆಬ್ಬೆರಳನ್ನು ಮೇಲಕ್ಕೆತ್ತುವ ಬಲ ಇನ್ನೂ ಚೆನ್ನಾಗಿದ್ದುದರಿಂದ ಸ್ಪ್ಲಿಂಟನ್ನೇ ಮುಂದುವರಿಸಿದೆ. ಆ ಬಲ ಕುಗ್ಗಿದ್ದರೆ ಅಥವಾ ಹೆಬ್ಬೆರಳ ಬುಡದ ದಿಂಡು ಕರಗಿದ್ದರೆ ನಾನು ಕಾಯುವುದಿಲ್ಲ. ನರದ ವಹನ ಪರೀಕ್ಷೆ ಮಾಡಿಸಿ ಶಸ್ತ್ರವೈದ್ಯರ ಬಳಿಗೆ ಕಳಿಸುತ್ತೇನೆ, ಏಕೆಂದರೆ ಒಮ್ಮೆ ಕರಗಿದ ಸ್ನಾಯು ಶಸ್ತ್ರಚಿಕಿತ್ಸೆಯ ನಂತರವೂ ಪೂರ್ತಿ ತುಂಬಿಕೊಳ್ಳದಿರಬಹುದು.

ಇಷ್ಟು ಸ್ಪಷ್ಟವಾಗಿ ಎಲ್ಲರಲ್ಲಿಯೂ ಕಾಣುವುದಿಲ್ಲ. ಕೆಲವರಲ್ಲಿ ಕುತ್ತಿಗೆ, ಮಣಿಕಟ್ಟು ಎರಡೂ ಕಡೆ ಒತ್ತಡವಿರುತ್ತದೆ. ಇನ್ನು ಕೆಲವರು ಇಡೀ ಕೈ ಜೋಮು ಎಂದೇ ಹೇಳುತ್ತಾರೆ. ಆದರೆ ಎರಡೂ ಕೈಗಳು ಒಡ್ಡೊಡ್ಡಾಗಿ ಗುಂಡಿ ಹಾಕಲು ತಡಬಡಿಸುತ್ತಿದ್ದರೆ, ನಡಿಗೆ ತೂರಾಡುತ್ತಿದ್ದರೆ, ಒತ್ತಡ ಕುತ್ತಿಗೆಯ ಮಿದುಳುಬಳ್ಳಿಯ ಮೇಲೆಯೇ ಇರಬಹುದು. ಅಂಥವರನ್ನು ನಾನು ಮುಟ್ಟುವುದಿಲ್ಲ, ಅಂದೇ ನರರೋಗ ತಜ್ಞರಲ್ಲಿಗೆ ಕಳಿಸುತ್ತೇನೆ.