ಪಕೋಡಕ್ಕೆ ಎಣ್ಣೆ ಕಾದಿದೆಯೇ? ಒಂದು ಚೂರು ಹಿಟ್ಟು ಹೇಳುತ್ತದೆ

ಈರುಳ್ಳಿ ಪಕೋಡ ಕರಿಯಲು ಎಣ್ಣೆ 170ರಿಂದ 180 ಡಿಗ್ರಿ ಸೆಲ್ಸಿಯಸ್ ಕಾದಿದ್ದರೆ ಸಾಕು. ಇದನ್ನು ತಿಳಿಯಲು ನಾನು ನೆಚ್ಚಿಕೊಂಡಿರುವುದು ಕಲಸಿಟ್ಟ ಹಿಟ್ಟನ್ನೇ.

ಬಾಣಲೆಗೆ ಅರ್ಧ ಲೀಟರ್ ಎಣ್ಣೆ ಹಾಕಿ, ಮಧ್ಯಮ ಉರಿಯಲ್ಲಿ ಕಾಯಿಸಿ, ಸೌಟಿನಿಂದ ಒಮ್ಮೆ ತಿರುವುತ್ತೇನೆ. ತಿರುವದಿದ್ದರೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಕಾದಿರುತ್ತದೆ, ಪರೀಕ್ಷೆ ದಾರಿ ತಪ್ಪಿಸುತ್ತದೆ. ಆಮೇಲೆ ಕಡಲೆಕಾಳಿನಷ್ಟು ಹಿಟ್ಟು ಬಿಡುತ್ತೇನೆ. ಅದು ತಳಕ್ಕಿಳಿದು ಅಲ್ಲೇ ಕೂತು, ಸುತ್ತ ಒಂದೆರಡು ಗುಳ್ಳೆ ಮಾತ್ರ ಎದ್ದರೆ ಎಣ್ಣೆ ಇನ್ನೂ ಕಾಯಬೇಕು. ಸ್ವಲ್ಪ ಮುಳುಗಿ, ಎರಡು ಮೂರು ಸೆಕೆಂಡಿನಲ್ಲಿ ಗುಳ್ಳೆಗಳ ಜೊತೆ ಮೇಲೆದ್ದು ಚುರುಗುಟ್ಟಿದರೆ ಹದ ಬಂದಿದೆ. ಮುಳುಗದೆಯೇ ಮೇಲೆ ತೇಲಿ, ನೋಡನೋಡುತ್ತ ಕಂದಾದರೆ ಕಾವು ಮೀರಿದೆ; ಉರಿ ಆರಿಸಿ ಒಂದೆರಡು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಹಿಟ್ಟಿನೊಳಗಿನ ನೀರು ಆವಿಯಾಗಿ ಅದನ್ನು ಮೇಲೆತ್ತುವುದರಿಂದಲೇ ಈ ವ್ಯತ್ಯಾಸ ಕಾಣುವುದು. ದೊಡ್ಡ ಉಂಡೆ ಹಾಕಿದರೆ ಭಾರಕ್ಕೇ ಮುಳುಗುತ್ತದೆ, ಏನೂ ಗೊತ್ತಾಗುವುದಿಲ್ಲ. ನೀರು ಚಿಮುಕಿಸಿ ನೋಡುವ ಅಭ್ಯಾಸ ಮಾತ್ರ ಬೇಡ, ಎಣ್ಣೆ ಮುಖಕ್ಕೆ ಸಿಡಿಯುತ್ತದೆ.

ಹೊಗೆ ಬರಲಿ ಎಂದು ಕಾಯುವುದೂ ಸರಿಯಲ್ಲ. ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಹೊಗೆಯಾಡುವಷ್ಟರಲ್ಲಿ ಪಕೋಡದ ಹದ ದಾಟಿ ಬಹಳ ಮುಂದೆ ಹೋಗಿರುತ್ತದೆ. ಗಾಣದ ಕಡಲೆಕಾಯಿ ಎಣ್ಣೆಯೋ, ಒಮ್ಮೆ ಕರಿದಿಟ್ಟ ಎಣ್ಣೆಯೋ ಅದಕ್ಕಿಂತ ಬೇಗ ಹೊಗೆಯಾಡುತ್ತದೆ. ಆದ್ದರಿಂದ ಹೊಗೆ ಎಲ್ಲ ಎಣ್ಣೆಗೂ ಒಂದೇ ಅಳತೆಯಲ್ಲ.

ಚಿಕ್ಕಮಗಳೂರಿನ ಮಳೆಗಾಲದಲ್ಲಿ, ಪಕೋಡಕ್ಕೆ ಬೇಡಿಕೆ ಹೆಚ್ಚಿರುವಾಗಲೇ, ಇನ್ನೊಂದು ತೊಡಕು. ಉಪ್ಪು ಬೆರೆತ ಈರುಳ್ಳಿ ನೀರು ಬಿಡುತ್ತಲೇ ಇರುತ್ತದೆ. ಹಿಟ್ಟು ಕಲಸಿಟ್ಟು ಹರಟೆಗೆ ಕೂತರೆ ತೆಳ್ಳಗಾಗುತ್ತದೆ. ಆಗ ಬಿಟ್ಟ ಹನಿ ಎಳೆಎಳೆಯಾಗಿ ಹರಡಿ, ಎಣ್ಣೆ ಕಾದಿದ್ದರೂ ಕಾಯದಂತೆ ತೋರುತ್ತದೆ. ಎರಡು ದೊಡ್ಡ ಈರುಳ್ಳಿಗೆ ಒಂದು ಲೋಟ ಕಡಲೆಹಿಟ್ಟು, ಎರಡು ಚಮಚ ಅಕ್ಕಿಹಿಟ್ಟು ಹಾಕಿ, ಮೊದಲು ನೀರಿಲ್ಲದೆ ಹಿಸುಕಿ ಕಲಸುತ್ತೇನೆ. ಬೇಕೆನಿಸಿದರೆ ಮಾತ್ರ ನೀರು ಚಿಮುಕಿಸಿ, ಎಣ್ಣೆ ಕಾಯುವ ಹೊತ್ತಿಗೆ ಸರಿಯಾಗಿ ಸಿದ್ಧ ಮಾಡಿಕೊಳ್ಳುತ್ತೇನೆ.

ಅರ್ಧ ಲೀಟರಿಗೆ ಒಮ್ಮೆಗೆ ಆರೇಳು ಪಕೋಡ ಸಾಕು. ತುಂಬಿಸಿದರೆ ತಣ್ಣನೆಯ ಹಿಟ್ಟಿಗೆ ಕಾವು ಇಳಿದು, ಗುಳ್ಳೆ ಸೊರಗಿ, ಪಕೋಡ ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಹಾಕಿದ ಕೂಡಲೇ ಉರಿ ಸ್ವಲ್ಪ ಏರಿಸಿ, ಗುಳ್ಳೆ ಜೋರಾದ ಮೇಲೆ ಮಧ್ಯಮಕ್ಕೆ ಇಳಿಸುತ್ತೇನೆ. ಮೂರು ನಾಲ್ಕು ನಿಮಿಷದಲ್ಲಿ ಗುಳ್ಳೆ ಕಡಿಮೆಯಾಗಿ ಚುರುಗುಟ್ಟುವ ಸದ್ದು ಇಳಿಯುತ್ತದೆ, ಅಂದರೆ ಒಳಗಿನ ನೀರು ಬಹುಪಾಲು ಹೋಗಿದೆ. ಬಣ್ಣ ನೋಡಿ ಜಾಲರಿ ಸೌಟಿನಲ್ಲಿ ತೆಗೆಯಬಹುದು. ಮೊದಲ ಪಕೋಡ ಮುರಿದಾಗ ಹೊರಗೆ ಕಂದು, ಒಳಗೆ ಹಸಿ ಹಿಟ್ಟು ಕಂಡರೆ ಎಣ್ಣೆ ಹೆಚ್ಚು ಕಾದಿತ್ತು. ಬಿಳಿಚಿಕೊಂಡು ಕೈಗೆ ಎಣ್ಣೆ ಜಿನುಗಿದರೆ ಕಾವು ಸಾಲದು.

ಮುಂದಿನ ಸಲದ ಪಕೋಡ ಹಾಕುವ ಮೊದಲು ಕರಿದ ಚೂರುಗಳನ್ನು ತೆಗೆದು, ಮತ್ತೆ ಕಡಲೆಕಾಳಿನಷ್ಟು ಹಿಟ್ಟು ಬಿಟ್ಟು ನೋಡುತ್ತೇನೆ.