ಸೀಲಿಂಗ್ ವೈಫೈ, ಕ್ಯಾಮೆರಾ: ವ್ಯಾಟ್ ಲೆಕ್ಕ ರಾತ್ರಿಯದ್ದನ್ನೇ ಹಾಕಿ

ಹಗಲೆಲ್ಲ ಸರಿಯಿದ್ದ ಕ್ಯಾಮೆರಾಗಳು ಕತ್ತಲಾದ ಮೇಲೆ ಬಂದ್ ಆಗಿ ಮತ್ತೆ ಆನ್ ಆಗುತ್ತಿದ್ದರೆ ಎಲ್ಲರೂ ಬೈಯುವುದು ಕ್ಯಾಮೆರಾವನ್ನು. ಸಾಮಾನ್ಯವಾಗಿ ಎಡವಟ್ಟಾಗಿರುವುದು, ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟನ್ನೂ ಕಳಿಸುವ ಪಿಒಇ ಸ್ವಿಚ್ಚನ್ನು ಆಯ್ಕೆ ಮಾಡುವಾಗ.

ಮೊದಲು ಪ್ರತಿ ಸಾಧನದ ಸ್ಪೆಸಿಫಿಕೇಶನ್ ಹಾಳೆಯಲ್ಲಿ ಗರಿಷ್ಠ ವ್ಯಾಟ್ ಎಷ್ಟೆಂದು ನೋಡಿ ಬರೆದುಕೊಳ್ಳಿ.

ಈಗ ಕೂಡಿಸಿ. ವೈಫೈ ಹರಡುವ ಮೂರು ಆಕ್ಸೆಸ್ ಪಾಯಿಂಟ್, ಐದು ಕ್ಯಾಮೆರಾ ಇವೆ ಎನ್ನೋಣ. ಹಗಲಲ್ಲಿ ಆಕ್ಸೆಸ್ ಪಾಯಿಂಟ್ 8 ವ್ಯಾಟ್, ಕ್ಯಾಮೆರಾ 4 ವ್ಯಾಟ್ ಎಳೆದರೆ ಒಟ್ಟು 44. 65 ವ್ಯಾಟ್‌ನ ಸ್ವಿಚ್ ಧಾರಾಳ ಅನ್ನಿಸುತ್ತದೆ. ರಾತ್ರಿ ಇನ್‌ಫ್ರಾರೆಡ್ ದೀಪ ಹೊತ್ತಿದಾಗ ಅದೇ ಕ್ಯಾಮೆರಾ 9 ವ್ಯಾಟ್ ಕೇಳುತ್ತದೆ. ವೈಫೈ ಭರ್ತಿಯಾಗಿ ಓಡಿದರೆ ಆಕ್ಸೆಸ್ ಪಾಯಿಂಟ್‌ಗೆ 14 ಬೇಕು. ಒಟ್ಟು 87. ಸ್ವಿಚ್ ಆಗ ಆದ್ಯತೆ ಕಡಿಮೆಯಿರುವ ಪೋರ್ಟಿನ ಕರೆಂಟ್ ಕತ್ತರಿಸುತ್ತದೆ. ಕೇಬಲ್‌ನಲ್ಲಿ ಪೋಲಾಗುವುದಕ್ಕೂ ಸೇರಿಸಿ ಕಾಲು ಭಾಗ ಹೆಚ್ಚಿಗೆ ಇಟ್ಟುಕೊಂಡರೆ ಸುಮಾರು 109. ನಾನಾದರೆ 120ಕ್ಕಿಂತ ಕಡಿಮೆಯದ್ದನ್ನು ಮುಟ್ಟುವುದಿಲ್ಲ.

ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ‘ಪ್ರತಿ ಪೋರ್ಟ್‌ಗೆ 30 ವ್ಯಾಟ್’ ನೋಡಿ ಮೋಸ ಹೋಗಬೇಡಿ. ಎಂಟು ಪೋರ್ಟಿಗೂ ಒಟ್ಟಿಗೆ ಅಷ್ಟು ಕೊಡಬೇಕಾದರೆ 240 ಬೇಕು. ಎಲ್ಲ ಪೋರ್ಟಿಗೂ ಸೇರಿ ಸ್ವಿಚ್ ಕೊಡಬಲ್ಲ ಒಟ್ಟು ವ್ಯಾಟ್, ಅಂದರೆ ಅದರ ಬಜೆಟ್, ಎಷ್ಟೆಂಬುದು ಹಾಳೆಯ ಮೂಲೆಯಲ್ಲಿರುತ್ತದೆ. ಕೆಲವು ಸ್ವಿಚ್‌ಗಳು ಸಾಧನ 14 ವ್ಯಾಟ್ ಬಳಸಿದರೂ ಅದು ಹೇಳಿಕೊಳ್ಳುವ ಪವರ್ ಕ್ಲಾಸ್ ನೋಡಿ 30 ಕಾದಿರಿಸಿಬಿಡುತ್ತವೆ. ಕೊನೆಗೆ ಚುಚ್ಚಿದ ಕ್ಯಾಮೆರಾ ಹಗಲಲ್ಲೂ ಆನ್ ಆಗದಿದ್ದರೆ ಇದೇ ಕಾರಣವಿರಬಹುದು. ಸೆಟ್ಟಿಂಗ್‌ನಲ್ಲಿ ‘ನಿಜವಾದ ಬಳಕೆ’ಯ ಆಯ್ಕೆಯಿದ್ದರೆ ಅದಕ್ಕೆ ಬದಲಿಸಿ.

ಇನ್ನು ಕೇಬಲ್. ಪ್ಯಾಚ್ ತುಂಡುಗಳೂ ಸೇರಿ 100 ಮೀಟರ್ ದಾಟಬಾರದು. ಅಷ್ಟುದ್ದದ ಅಸಲಿ ತಾಮ್ರದಲ್ಲಿ, 30 ವ್ಯಾಟ್ ಪೋರ್ಟಿನ ಲೆಕ್ಕಕ್ಕೆ, ಹೋಗಿಬರುವ ದಾರಿಯ ರೋಧ ಹೆಚ್ಚೆಂದರೆ 12.5 ಓಮ್. 0.6 ಆಂಪಿಯರ್ ಹರಿದರೆ 7.5 ವೋಲ್ಟ್ ಇಳಿಯುತ್ತದೆ: 50 ವೋಲ್ಟ್ ಹೊರಟು 42.5 ತಲುಪುತ್ತದೆ, ಸಾಧನಕ್ಕೆ 25.5 ವ್ಯಾಟ್ ಉಳಿಯುತ್ತದೆ. ಅಗ್ಗಕ್ಕೆ ಸಿಗುವ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್‌ನಲ್ಲಿ ಅದೇ ರೋಧ 20 ಓಮ್‌ನ ಹತ್ತಿರ ಹೋಗಿ 38 ವೋಲ್ಟ್ ಮಾತ್ರ ಮುಟ್ಟುತ್ತದೆ. ಸ್ವಿಚ್‌ನಲ್ಲಿ ಬಜೆಟ್ ಇದ್ದೂ ದೂರದ ಸಾಧನವೊಂದೇ ಪದೇ ಪದೇ ರೀಬೂಟ್ ಆಗುತ್ತಿದ್ದರೆ ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಿ ಬಣ್ಣ ಕಂಡರೆ ಆ ಕೇಬಲ್ ಕಿತ್ತು ಹಾಕಿ. ಮಾರುವವರು ‘ನಡೆಯುತ್ತೆ ಸಾರ್’ ಎನ್ನುತ್ತಾರೆ, ಕೇಳಬೇಡಿ.

ಎಲ್ಲ ಜೋಡಿಸಿದ ಮೇಲೆ, ಛಾವಣಿ ಮುಚ್ಚುವ ಮುನ್ನ, ಕ್ಯಾಮೆರಾಗಳಿಗೆ ಕಪ್ಪು ಬಟ್ಟೆ ಹೊದಿಸಿ ಅವುಗಳ ಇನ್‌ಫ್ರಾರೆಡ್ ದೀಪಗಳನ್ನೆಲ್ಲ ಒಟ್ಟಿಗೆ ಹೊತ್ತಿಸಿ. ಸ್ವಿಚ್‌ನ ಪವರ್ ಪುಟದಲ್ಲಿ ಆಗ ಕಾಣುವ ಒಟ್ಟು ಅಂಕಿಯನ್ನು ಬಜೆಟ್ಟಿನ ಪಕ್ಕ ಇಟ್ಟು ನೋಡಿ.